‘ಕೆಲವರು ಪಾಸಾದರು’ ಎಂದರೆ ಎಲ್ಲರೂ ಪಾಸಾಗಿಲ್ಲ ಎಂದೇ?

ಎಲ್ಲರೂ ಪಾಸಾಗಿದ್ದರೂ ‘ಕೆಲವರು ಪಾಸಾದರು’ ಎಂಬ ಮೆಸೇಜ್ ಸುಳ್ಳಲ್ಲ. ಆದರೂ ನಾವು ‘ಎಲ್ಲರೂ ಅಲ್ಲ’ ಎಂದೇ ಓದಿಕೊಳ್ಳುತ್ತೇವೆ. ಎಲ್ಲರೂ ಪಾಸಾಗಿದ್ದರೆ ಹಾಗೆಂದೇ ಹೇಳುತ್ತಿದ್ದರಲ್ಲ ಎಂಬುದು ತತ್ತ್ವಜ್ಞಾನಿ ಪಾಲ್ ಗ್ರೈಸ್ ವಿವರಣೆ. ಈ ಊಹೆ ಎಷ್ಟು ಗಟ್ಟಿ? 2012ರಲ್ಲಿ ಮೈಕಲ್ ಫ್ರಾಂಕ್ ಮತ್ತು ನೋವಾ ಗುಡ್‌ಮನ್ ಮಂಡಿಸಿದ ಮಾದರಿಯಿಂದ ಲೆಕ್ಕ ಹಾಕಬಹುದು.

ಎರಡೂ ಸಾಧ್ಯತೆ ಸಮ ಎನ್ನೋಣ. ‘ಕೆಲವರು’ ಪದದ ನೇರ ಅರ್ಥದಲ್ಲಿ 50-50. ಎಲ್ಲರೂ ಪಾಸಾಗಿದ್ದರೆ ‘ಎಲ್ಲರೂ’ ಎಂಬುದು ಎರಡು ಪಟ್ಟು ಸ್ಪಷ್ಟ. ಹಾಗಾಗಿ ಮೂರರಲ್ಲಿ ಒಂದು ಸಲ ಮಾತ್ರ ‘ಕೆಲವರು’ ಎನ್ನುತ್ತಾರೆ. ಕೆಲವರಷ್ಟೇ ಪಾಸಾಗಿದ್ದರೆ ಪ್ರತಿ ಸಲವೂ ಹಾಗೆನ್ನುತ್ತಾರೆ. ಅನುಪಾತ 1:3, ಅಂದರೆ ‘ಎಲ್ಲರೂ ಅಲ್ಲ’ ಎಂಬುದಕ್ಕೆ ಶೇ 75.

ಹೇಳಿದವರೇ ಎಲ್ಲವನ್ನೂ ನೋಡಿಲ್ಲ ಎಂದು ಗೊತ್ತಾದಾಗ ಜನರ ಈ ಊಹೆ ದುರ್ಬಲವಾಗುವುದು 2013ರ ಪ್ರಯೋಗದಲ್ಲಿ ಕಂಡಿತು. ಆದ್ದರಿಂದ ಮೊದಲು ಕೇಳಿ: ಮೆಸೇಜ್ ಬರೆದವರು ಪೂರ್ತಿ ಫಲಿತಾಂಶ ನೋಡಿದ್ದರೇ?