ಉಪ್ಪಿನ ಮಣ್ಣು, ಉಪ್ಪಿನ ಕರ ಮತ್ತು ಅಂಕೋಲೆಯ ಸತ್ಯಾಗ್ರಹ

ಕೆಂಚಾರ್ಲಹಳ್ಳಿಯಂತಹ ಒಳನಾಡಿನ ಗ್ರಾಮಗಳಿಗೆ ಕಡಲು ಬಹುದೂರ. ಹಿಂದೆ ಮೈಸೂರು ಸೀಮೆಗೆ ಸಮುದ್ರದ ಉಪ್ಪು ಹೇರೆತ್ತುಗಳ ಮೇಲೆ ಬರುತ್ತಿತ್ತು. ಅದನ್ನು ಕೊಳ್ಳಲಾರದವರಿಗೆ ನೆಲವೇ ಉಪ್ಪನ್ನು ಕೊಡುತ್ತಿತ್ತು. ಇದನ್ನು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು.

1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದರ ಕ್ರಮವನ್ನು ವರ್ಣಿಸಿದ್ದಾನೆ. ಬೇಸಗೆಯಲ್ಲಿ ಚೌಳುನೆಲದ ಮೇಲ್ಮಣ್ಣನ್ನು ಕೆರೆದು ರಾಶಿ ಹಾಕುವರು. ಅದರ ಮುಂದೆ ಸುಮಾರು ಮೂರಡಿ ಅಗಲ, ಒಂದಡಿ ಆಳದ ಮಣ್ಣಿನ ತೊಟ್ಟಿಗಳನ್ನು ಅರ್ಧವೃತ್ತಾಕಾರವಾಗಿ ಕಟ್ಟುವರು. ತೊಟ್ಟಿಯ ತಳದಲ್ಲಿ ಹುಲ್ಲು ಹಾಸಿ, ಮಣ್ಣು ತುಂಬಿ, ನೀರೆರೆದರೆ, ಉಪ್ಪು ಕರಗಿದ ನೀರು ಮರದ ದೋಣಿಯ ಮೂಲಕ ಕೆಳಗಣ ಮಡಕೆಗೆ ಇಳಿಯುವುದು. ಸಾರ ಹೋದ ಮಣ್ಣನ್ನು ಹೊರಚೆಲ್ಲಿ ಹೊಸ ಮಣ್ಣು ತುಂಬುವರು. ಮಡಕೆಯ ನೀರು ಕಲ್ಲಿನ ತೊಟ್ಟಿಯಲ್ಲಿ ಬಿಸಿಲಿಗೆ ಆರಿ ಉಪ್ಪಾಗುವುದು. ಚೌಳಿನ ಇತರ ಲವಣಗಳು ಇದರೊಡನೆ ಬೆರೆತಿದ್ದರೆ ರುಚಿ ಕಹಿಯಾಗುವುದು. ಆದುದರಿಂದಲೇ ಉಳ್ಳವರು ಕಡಲುಪ್ಪನ್ನು ಬಯಸಿದರು.

ಇಂತಹ ಸುಲಭೋತ್ಪನ್ನ ವಸ್ತುವಿನ ಮೇಲೆ ಕರ ನಿಲ್ಲಬೇಕಾದರೆ, ಸ್ವತಃ ತಯಾರಿಸುವುದನ್ನೇ ಅಪರಾಧವೆಂದು ವಿಧಿಸುವುದು ಅನಿವಾರ್ಯವಾಗಿತ್ತು. ಮದರಾಸು ಪ್ರಾಂತದಲ್ಲಿ ಕಂಪನಿ ಸರ್ಕಾರವು 1805ರಲ್ಲಿಯೇ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. 1930ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕರದ ದರ 40 ಸೇರಿನ ಮಣಕ್ಕೆ 1 ರೂಪಾಯಿ 4 ಆಣೆ. ಐದು ಮಂದಿಯ ಕುಟುಂಬವು ವರ್ಷಕ್ಕೆ 30 ಸೇರು ಬಳಸುವುದೆಂದು ಭಾವಿಸಿದರೆ, ಕರ 15 ಆಣೆಯಾಗುವುದು. ಮೊತ್ತ ಅಲ್ಪವೆಂದು ತೋರಬಹುದು. ಆದರೆ ಗಂಜಿ ಕುಡಿಯುವ ಕೂಲಿಗೂ ಜಮೀನ್ದಾರನಿಗೂ ಉಪ್ಪು ಹೆಚ್ಚುಕಡಿಮೆ ಅಷ್ಟೇ ಬೇಕು. ಆದಕಾರಣ ಬಡವನ ಆದಾಯದಲ್ಲಿ ಈ ಕರದ ಪಾಲು ಹೆಚ್ಚು. ಗಾಂಧೀಜಿಯವರು ಉಪ್ಪನ್ನೇ ಆರಿಸಿಕೊಂಡುದರ ಮರ್ಮ ಇಲ್ಲಿದೆ. ಅಂಗೈಯಗಲದ ಉಪ್ಪನ್ನು ಎತ್ತಿದವನೂ ಕಾನೂನನ್ನು ಮುರಿದಂತಾಗುತ್ತಿತ್ತು. ಅದಕ್ಕೆ ಹಣವಾಗಲಿ ವಿದ್ಯೆಯಾಗಲಿ ಬೇಕಿರಲಿಲ್ಲ.

1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಕಾನೂನುಭಂಗವಾಯಿತು. ಒಂದು ವಾರದೊಳಗೆ, ಏಪ್ರಿಲ್ 13ರಂದು, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಜನಸಮೂಹದೆದುರು ಉಪ್ಪಿನ ಕಾನೂನನ್ನು ಮುರಿದರು. ಕರ್ನಾಟಕದ ಸತ್ಯಾಗ್ರಹಕ್ಕೆ ಈ ಊರು ಕೇಂದ್ರವಾದುದು ಸಹಜ: ಕಡಲು ಹತ್ತಿರ, ಆಳ್ವಿಕೆ ನೇರವಾಗಿ ಬ್ರಿಟಿಷರದು. ಮೈಸೂರು ಸಂಸ್ಥಾನದಲ್ಲಿ ಇವೆರಡೂ ಇರಲಿಲ್ಲ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಜನರು ಗುಂಡಿಗೆ ಎದೆಯೊಡ್ಡಿದುದು ಧ್ವಜಕ್ಕಾಗಿ, ಉಪ್ಪಿಗಾಗಿ ಅಲ್ಲ. ಪ್ರತಿಭಟನೆಯ ಸಂಕೇತವು ಆಯಾ ಪ್ರದೇಶದಲ್ಲಿ ಪ್ರಭುತ್ವವು ಯಾವುದನ್ನು ನಿಷೇಧಿಸುವುದೋ ಅದನ್ನು ಅನುಸರಿಸುವುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದವು ಕಾನೂನನ್ನು ರದ್ದುಗೊಳಿಸಲಿಲ್ಲ. ಉಪ್ಪು ದೊರೆಯುವ ಪ್ರದೇಶದ ಗ್ರಾಮಸ್ಥರು ಸ್ವಂತಕ್ಕಾಗಿಯೂ ತಮ್ಮ ಗ್ರಾಮದೊಳಗಿನ ಮಾರಾಟಕ್ಕಾಗಿಯೂ ಅದನ್ನು ತಯಾರಿಸಬಹುದೆಂದಷ್ಟೇ ಒಪ್ಪಿತು. ಕರವು ತೊಲಗಿದುದು 1947ರ ಏಪ್ರಿಲ್‌ನಲ್ಲಿ, ಸ್ವಾತಂತ್ರ್ಯಕ್ಕೆ ನಾಲ್ಕು ತಿಂಗಳ ಮುನ್ನ.