ಸಹಸಂಬಂಧ ಒಂದಕ್ಕಿಂತ ಕಡಿಮೆಯಿದ್ದರೆ ಸಾಕೆ? ಎರಡು ಆಸ್ತಿಗಳ ಪೋರ್ಟ್‌ಫೋಲಿಯೊದಲ್ಲಿ ಅಪಾಯ ಇಳಿಯುವ ಮಿತಿ

ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪೋರ್ಟ್‌ಫೋಲಿಯೊ ಸಿದ್ಧಾಂತದ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಅದೇ ವರ್ಷ ಎ. ಡಿ. ರಾಯ್, ಅದಕ್ಕೂ ಮೊದಲು 1940ರಲ್ಲಿ ಬ್ರೂನೊ ಡಿ ಫಿನೆಟ್ಟಿ ಇದೇ ದಾರಿಯಲ್ಲಿ ಯೋಚಿಸಿದ್ದರು. ಡಿ ಫಿನೆಟ್ಟಿಯ ಹಿರಿತನವನ್ನು ಮಾರ್ಕೊವಿಟ್ಜ್ ಅವರೇ 2006ರಲ್ಲಿ ಒಪ್ಪಿಕೊಂಡಿದ್ದಾರೆ. ಮೂಲ ಸೂತ್ರಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಪೋರ್ಟ್‌ಫೋಲಿಯೊದ ನಿರೀಕ್ಷಿತ ಪ್ರತಿಫಲವು ಎರಡು ಆಸ್ತಿಗಳ ಪ್ರತಿಫಲಗಳ ತೂಕಬದ್ಧ ಸರಾಸರಿ. ಸಹಸಂಬಂಧಕ್ಕೆ ಅಲ್ಲಿ ಪಾತ್ರವಿಲ್ಲ. ಅದರ ಪಾತ್ರವಿರುವುದು ಅಪಾಯದ ಲೆಕ್ಕದಲ್ಲಿ:

σ² = w²σ₁² + (1−w)²σ₂² + 2w(1−w)ρσ₁σ₂

ಇಲ್ಲಿ w ಎಂಬುದು ಮೊದಲ ಆಸ್ತಿಯ ಪಾಲು, ρ ಎಂಬುದು ಸಹಸಂಬಂಧ ಗುಣಾಂಕ.

ನನ್ನ ಭಿನ್ನಾಭಿಪ್ರಾಯ ಇರುವುದು ಈ ಸೂತ್ರದಿಂದ ಪಠ್ಯಪುಸ್ತಕಗಳು ತೆಗೆಯುವ ತೀರ್ಮಾನದ ಬಗ್ಗೆ. ρ ಒಂದಕ್ಕಿಂತ ಕಡಿಮೆಯಿದ್ದರೆ ಹೂಡಿಕೆಯನ್ನು ಹಂಚಿದಾಗ ಅಪಾಯ ಇಳಿಯುತ್ತದೆ ಎಂದು ಅವು ಹೇಳುತ್ತವೆ. ಯಾವುದಕ್ಕಿಂತ ಇಳಿಯುತ್ತದೆ? ಎರಡು ಮಾನಕ ವಿಚಲನೆಗಳ ತೂಕಬದ್ಧ ಸರಾಸರಿಗಿಂತ ಎಂದಾದರೆ ಮಾತು ಸರಿ. ಆದರೆ ಹಣವೆಲ್ಲವನ್ನೂ ಬಾಂಡಿನಲ್ಲಿಟ್ಟವರಿಗೆ ಆ ಸರಾಸರಿ ಬೇಕಾಗಿಲ್ಲ. ಸ್ವಲ್ಪ ಷೇರು ಸೇರಿಸಿದರೆ ಈಗಿರುವ ಅಪಾಯ ಇನ್ನೂ ತಗ್ಗುವುದೇ ಎಂಬುದು ಅವರ ಪ್ರಶ್ನೆ. ಅದಕ್ಕೆ ಬೇರೆಯೇ ಷರತ್ತಿದೆ. ಷೇರನ್ನು ಮೊದಲ ಆಸ್ತಿ, ಬಾಂಡನ್ನು ಎರಡನೆಯದು ಎಂದಿಟ್ಟುಕೊಂಡು, w ಸೊನ್ನೆಯಾಗಿರುವಲ್ಲಿ σ²ದ ಬದಲಾವಣೆಯ ದರವನ್ನು ತೆಗೆದರೆ 2(ρσ₁σ₂ − σ₂²) ಸಿಗುತ್ತದೆ. ಇದು ಋಣವಾಗಬೇಕಾದರೆ ρ < σ₂/σ₁ ಆಗಿರಬೇಕು. ಅಂದರೆ ಮಿತಿ ಇರುವುದು ಒಂದರಲ್ಲಲ್ಲ, ಕಡಿಮೆ ಅಪಾಯದ ಆಸ್ತಿಯ ವಿಚಲನೆಯನ್ನು ಹೆಚ್ಚು ಅಪಾಯದ್ದರಿಂದ ಭಾಗಿಸಿದಾಗ ಬರುವ ಅಂಕಿಯಲ್ಲಿ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಷೇರಿನ ನಿರೀಕ್ಷಿತ ಪ್ರತಿಫಲ ಶೇ. 10, ವಿಚಲನೆ 18, ಬಾಂಡಿನದು ಶೇ. 4 ಮತ್ತು 6. ಮಿತಿ 6/18, ಅಂದರೆ ಸುಮಾರು 0.33. ಐದರಲ್ಲೊಂದು ಪಾಲು ಷೇರಿಗೆ ಹಾಕಿದರೆ ಪ್ರತಿಫಲ ಶೇ. 5.2, ρ ಏನೇ ಇದ್ದರೂ ಇದು ಬದಲಾಗದು. ವಿಚಲನೆಗಳ ತೂಕಬದ್ಧ ಸರಾಸರಿ 8.4. ಇನ್ನು ಪೋರ್ಟ್‌ಫೋಲಿಯೊದ ವಿಚಲನೆ: ρ = −0.3 ಆದಾಗ 5.06, ρ = 0 ಆದಾಗ ಸರಿಯಾಗಿ 6, ρ = 0.5 ಆದಾಗ 7.30. ಕೊನೆಯದು 8.4ಕ್ಕಿಂತ ಕಡಿಮೆ ಎಂದು ಪಠ್ಯಪುಸ್ತಕ ಸಂತೋಷಪಡಬಹುದು. ಬಾಂಡ್ ಮಾತ್ರ ಇಟ್ಟುಕೊಂಡವರ ಅಪಾಯ ಮಾತ್ರ 6ರಿಂದ ಮೇಲೇರಿದೆ. ρ = 0.5 ಇದ್ದಾಗ ಕನಿಷ್ಠ ಅಪಾಯದ ಷೇರು ಪಾಲು ಋಣ 7 ಶೇಕಡಾ ಎಂದು ಬರುತ್ತದೆ. ಷೇರನ್ನು ಸಾಲ ಪಡೆದು ಮಾರದ ಹೊರತು ಅದನ್ನು ತಲುಪಲಾಗದು.

ಇದರಿಂದ ಹಂಚಿಕೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅಪಾಯವಿಲ್ಲದ ಬಡ್ಡಿ ಶೇ. 2 ಎಂದಿಟ್ಟುಕೊಂಡರೆ, ಮೇಲಿನ ಉದಾಹರಣೆಯಲ್ಲಿ ಪ್ರತಿ ಅಂಶ ಅಪಾಯಕ್ಕೆ ಷೇರು ಕೊಡುವ ಹೆಚ್ಚುವರಿ ಪ್ರತಿಫಲ 0.44, ಬಾಂಡಿನದು 0.33. ಹಾಗಾಗಿ ρ = 0.5 ಇದ್ದರೂ ಸ್ವಲ್ಪ ಷೇರು ಸೇರಿಸಿದರೆ ಈ ಅನುಪಾತ ಸುಧಾರಿಸುತ್ತದೆ. ಅಪಾಯ ತಗ್ಗಿಸುವುದು ಬೇರೆ, ಅಪಾಯಕ್ಕೆ ತಕ್ಕ ಪ್ರತಿಫಲ ಪಡೆಯುವುದು ಬೇರೆ. ಇವೆರಡನ್ನು ಒಂದೇ ವಾಕ್ಯದಲ್ಲಿ ಬೆರೆಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಇದಕ್ಕಿಂತ ದೊಡ್ಡ ತೊಡಕು ρದ ಅಂದಾಜಿನಲ್ಲಿದೆ. ಐದು ವರ್ಷಗಳ ಮಾಸಿಕ ಅಂಕಿಗಳಿಂದ, ಅಂದರೆ 60 ಅವಲೋಕನಗಳಿಂದ, ρ = 0.2 ಸಿಕ್ಕಿತೆನ್ನೋಣ. ಅದರ ಮಾನಕ ದೋಷ (1 − ρ²)/√60, ಸುಮಾರು 0.12. ಎರಡು ಪಟ್ಟು ದೋಷವನ್ನು ಅತ್ತಿತ್ತ ಬಿಟ್ಟರೆ ನಿಜವಾದ ρ −0.05ರಿಂದ 0.45ರವರೆಗೆ ಎಲ್ಲಾದರೂ ಇರಬಹುದು, ಮತ್ತು 0.33ರ ಮಿತಿ ಈ ಹರವಿನೊಳಗೇ ಬೀಳುತ್ತದೆ. ಷೇರು ಸೇರಿಸಿದರೆ ಅಪಾಯ ಇಳಿಯುವುದೋ ಏರುವುದೋ ಎಂದು ಇಂಥ ಅಂಕಿಗಳಿಂದ ಖಚಿತವಾಗಿ ಹೇಳಲಾಗದು. ಇದೂ ಉದಾರವಾದ ಲೆಕ್ಕವೇ: ಅದು ಪ್ರತಿಫಲಗಳು ಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆ, ρ ಐದೂ ವರ್ಷ ಸ್ಥಿರವಾಗಿರುತ್ತದೆ ಎಂದು ನಂಬುತ್ತದೆ.

ಅಮೆರಿಕದಲ್ಲಿ 2022 ಆ ನಂಬಿಕೆಯನ್ನು ಅಲುಗಾಡಿಸಿತು. ಸುಮಾರು ಎರಡು ದಶಕ ಅಲ್ಲಿ ಷೇರು ಮತ್ತು ಸರ್ಕಾರಿ ಬಾಂಡುಗಳ ಸಹಸಂಬಂಧ ಬಹುಪಾಲು ಋಣವಾಗಿತ್ತು. ಹಣದುಬ್ಬರ ಏರಿ ಫೆಡರಲ್ ರಿಸರ್ವ್ ಬಡ್ಡಿ ಹೆಚ್ಚಿಸಿದಾಗ ಅದು ಧನಕ್ಕೆ ತಿರುಗಿತು. ಆ ವರ್ಷ ಎಸ್ ಆ್ಯಂಡ್ ಪಿ 500 ಲಾಭಾಂಶ ಸೇರಿಸಿಯೂ ಸುಮಾರು ಶೇ. 18ರಷ್ಟು, ಅಮೆರಿಕದ ಪ್ರಮುಖ ಬಾಂಡ್ ಸೂಚ್ಯಂಕ ಶೇ. 13ರಷ್ಟು ಕುಸಿದವು. ಒಂದು ವರ್ಷದಲ್ಲಿ ಎರಡೂ ಬಿದ್ದವೆಂಬುದೇ ಸಹಸಂಬಂಧಕ್ಕೆ ಪುರಾವೆಯಲ್ಲ, ನಿಜ. ρ ಅಳೆಯುವುದು ಸರಾಸರಿಯ ಸುತ್ತಲಿನ ಏರಿಳಿತವನ್ನು.

ನನ್ನ ವಾದಕ್ಕೇ ತಿರುಗೇಟಾಗುವ ಒಂದು ಅಂಶವೂ ಇದೆ. ಆ ವರ್ಷ ಬಾಂಡುಗಳ ಏರಿಳಿತವೂ ಹೆಚ್ಚಿತು. ಬಾಂಡಿನ ವಿಚಲನೆ ಷೇರಿನದಕ್ಕಿಂತ ವೇಗವಾಗಿ ಏರಿದರೆ σ₂/σ₁ ಮಿತಿಯೂ ಮೇಲಕ್ಕೆ ಸರಿಯುತ್ತದೆ. ಮಾರುಕಟ್ಟೆಗಳ ನಿಜವಾದ ನಂಟು ಬದಲಾಗದಿದ್ದರೂ ಏರಿಳಿತ ಹೆಚ್ಚಾದಾಗ ಅಳೆದ ρ ಉಬ್ಬಿಕೊಳ್ಳಬಲ್ಲದೆಂದು ಫೋರ್ಬ್ಸ್ ಮತ್ತು ರಿಗೊಬಾನ್ 2002ರಲ್ಲಿ ತೋರಿಸಿದ್ದಾರೆ. ಹಾಗಾದರೆ ಮಿತಿ ಮತ್ತು ρ ಒಟ್ಟಿಗೇ ಚಲಿಸುವಾಗ ಅವುಗಳ ನಡುವಿನ ಅಂತರವನ್ನು ಎಷ್ಟರಮಟ್ಟಿಗೆ ನಂಬಿ ಅಳೆಯಬಹುದು ಎಂಬ ಪ್ರಶ್ನೆಗೆ ಈ ಲೇಖನದ ಸರಳ ಲೆಕ್ಕದಲ್ಲಿ ಉತ್ತರವಿಲ್ಲ.