ಕಪ್ಪು ಪರದೆ, ಬಿಳಿ ಅಕ್ಷರ, ಸುತ್ತ ಬೆಳಕಿನ ಬಳೆ

ರಾತ್ರಿ ಲೈಟ್ ಆರಿಸಿ ಸಿನಿಮಾ ಹಾಕ್ತೀರಿ. ಪರದೆ ಪೂರ್ತಿ ಕಪ್ಪು, ಕೆಳಗೆ ಬಿಳಿ ಸಬ್‌ಟೈಟಲ್, ಅದರ ಸುತ್ತ ಮಂಜಿನಂಥ ಬೆಳಕು. ಇದಕ್ಕೆ ಹಾಲೋ ಅಥವಾ ಬ್ಲೂಮಿಂಗ್ ಅಂತಾರೆ. ಟಿವಿ ಕೆಟ್ಟಿದೆ ಅಂತ ಗಾಬರಿ ಬೇಡ. ಲೋಕಲ್ ಡಿಮ್ಮಿಂಗ್ ಹುಟ್ಟಿದಾಗ್ಲೇ ಇದೂ ಹುಟ್ಟಿತ್ತು, ಹುಟ್ಟಿಸಿದವರಿಗೂ ಗೊತ್ತಿತ್ತು.

ಎಲ್‌ಸಿಡಿ ತಾನಾಗಿ ಬೆಳಗಲ್ಲ. ಅದು ಹಿಂದಿನ ದೀಪವನ್ನು ತಡೆಯೋ ಕಿಟಕಿ ಅಷ್ಟೆ, ಅದೂ ಪೂರ್ತಿ ಮುಚ್ಚದ ಕಿಟಕಿ. ಐಪಿಎಸ್ ಪ್ಯಾನೆಲ್‌ನಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಬೆಳಕು ಸೋರುತ್ತೆ. 2004ರಲ್ಲಿ ಹೆಲ್ಗೆ ಸೀಟ್ಜನ್, ಲಾರ್ನ್ ವೈಟ್‌ಹೆಡ್ ಮತ್ತು ಸಂಗಡಿಗರು ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಒಂದೇ ದೊಡ್ಡ ದೀಪದ ಬದಲು ಎಲ್‌ಇಡಿಗಳ ಸಾಲು ಹಾಕಿ, ಒಂದೊಂದನ್ನೂ ಬೇರೆಬೇರೆಯಾಗಿ ಮಂದ ಮಾಡಬಹುದು ಅನ್ನೋದು ಅದರಲ್ಲಿದ್ದ ಒಂದು ದಾರಿ. ಮರುವರ್ಷ ಕೆನಡಾದ ವ್ಯಾಂಕೂವರ್‌ನ ಬ್ರೈಟ್‌ಸೈಡ್ ಕಂಪನಿ 37 ಇಂಚಿನ ಪರದೆ ತಂತು, ಒಳಗೆ 1,380 ಎಲ್‌ಇಡಿ. ಪಿಕ್ಸೆಲ್ ಇದ್ದದ್ದು ಸುಮಾರು 20 ಲಕ್ಷ. ಲೆಕ್ಕ ಹಾಕಿ: ಒಂದು ದೀಪಕ್ಕೆ 1,500 ಪಿಕ್ಸೆಲ್. ಐದೇ ಪಿಕ್ಸೆಲ್‌ನ ನಕ್ಷತ್ರ ತೋರಿಸೋಕೂ ಆ ಅಷ್ಟೂ ಪಿಕ್ಸೆಲ್‌ಗಳ ಹಿಂದೆ ದೀಪ ಉರೀಬೇಕು. 2007ರಲ್ಲಿ ಡಾಲ್ಬಿ ಈ ಕಂಪನಿಯನ್ನು ಕೊಂಡುಕೊಂಡಿತು.

ಹಾಲೋಗೆ ಅವರ ಸಮಾಧಾನ ನನಗೆ ಬಹಳ ಇಷ್ಟ. ಎದುರಿಂದ ಬರೋ ಬೈಕಿನ ಹೆಡ್‌ಲೈಟ್ ನೋಡಿದ್ರೆ ಸುತ್ತ ಒಂದು ಪ್ರಭೆ ಕಾಣುತ್ತಲ್ವಾ? ಬೆಳಕು ಕಣ್ಣೊಳಗೇ ಚದುರೋದರಿಂದ ಹಾಗಾಗುತ್ತೆ. ಪರದೆಯ ಹಾಲೋ ಈ ಪ್ರಭೆಗಿಂತ ಚಿಕ್ಕದಾಗಿದ್ರೆ ಕಣ್ಣಿಗೆ ಕಾಣೋದೇ ಇಲ್ಲ ಅಂದರು ಅವರು. ವಾದ ಸರಿ, ಆದ್ರೆ ಝೋನ್ ಚಿಕ್ಕದಿರಬೇಕು. ಆಮೇಲೆ ಮನೆಗೆ ಬಂದ ಅಗ್ಗದ ಟಿವಿಗಳಲ್ಲಿ ಝೋನ್‌ಗಳೇ ಕಡಿಮೆ, ಒಂದೊಂದೂ ದೊಡ್ಡದು. ಪಕ್ಕದಿಂದ ಕೂತು ನೋಡಿದ್ರೆ ಸೋರಿಕೆ ಇನ್ನೂ ಜಾಸ್ತಿ.

ಈಗ ಸೆಟ್ಟಿಂಗ್ ವಿಷ್ಯ. ಉದಾಹರಣೆಗೆ, ನಕ್ಷತ್ರ 1,000 ನಿಟ್ಸ್ ಅಂದ್ಕೊಳ್ಳಿ. ಸುತ್ತ ಸೋರೋದು 1 ನಿಟ್. ಡಿಮ್ಮಿಂಗ್ ಆಫ್ ಮಾಡಿದ್ರೆ ಇಡೀ ಪರದೆಯಲ್ಲೂ ಅದೇ 1 ನಿಟ್, ಎಲ್ಲಾ ಕಡೆ ಬೂದಿ ಬಣ್ಣ, ಹಾಲೋ ಇಲ್ಲ. ಹೈ ಮಾಡಿದ್ರೆ ಉಳಿದ ದೀಪಗಳು ಆರುತ್ತವೆ, ಅಲ್ಲಿ ಸೊನ್ನೆ, ಇಲ್ಲಿ 1. ಅಂದ್ರೆ ಹಾಲೋ ಹೊಸದಾಗಿ ಬಂದ ಬೆಳಕಲ್ಲ, ಮೊದಲಿದ್ದ ಸೋರಿಕೆಯಲ್ಲಿ ಅಳಿಯದೆ ಉಳಿದ ತುಂಡು. ಲೋ ಇಟ್ಟರೆ ಎಷ್ಟೋ ಟಿವಿಗಳು ನಕ್ಷತ್ರದ ದೀಪವನ್ನು ಸ್ವಲ್ಪ ಇಳಿಸಿ, ಅಕ್ಕಪಕ್ಕದ ದೀಪಗಳನ್ನು ಸ್ವಲ್ಪ ಉರಿಸುತ್ತವೆ. ಅಂಚು ಮಸುಕಾಗುತ್ತೆ, ಹಾಲೋ ಕಣ್ಣಿಗೆ ಹೊಡೆಯಲ್ಲ. ಬದಲಿಗೆ ಕಪ್ಪು ಬೂದಿಯಾಗುತ್ತೆ, ನಕ್ಷತ್ರವೂ ಮಂಕಾಗುತ್ತೆ. ನಾನಾದ್ರೆ ಹೈನಲ್ಲೇ ಬಿಟ್ಟು, ಟಿವಿ ಹಿಂದೆ ಒಂದು ಸಣ್ಣ ದೀಪ ಹಚ್ಚಿಡ್ತೀನಿ.

ಯಾವುದು ಕಣ್ಣಿನ ಪ್ರಭೆ, ಯಾವುದು ಪರದೆಯ ಹಾಲೋ ಅಂತ ತಿಳೀಬೇಕಾ? ಕೂತಲ್ಲಿಂದಲೇ ಬೆರಳು ಚಾಚಿ ಬಿಳಿ ಅಕ್ಷರ ಮಾತ್ರ ಮರೆಮಾಡಿ. ಸುತ್ತಲಿನ ಬೆಳಕು ಮಾಯವಾದ್ರೆ ಅದು ಕಣ್ಣಿಂದು. ಬೆರಳಿನ ಅಂಚಿಂದಾಚೆ ಇನ್ನೂ ಉಳಿದಿದ್ರೆ ಟಿವಿಯದ್ದು. ಮೊಬೈಲ್‌ನಲ್ಲಿ ಫೋಟೋ ತೆಗೆದು ತೀರ್ಮಾನ ಮಾಡೋಕೆ ಹೋಗ್ಬೇಡಿ, ಕ್ಯಾಮೆರಾ ಕತ್ತಲಲ್ಲಿ ಎಕ್ಸ್‌ಪೋಷರ್ ಏರಿಸಿ ಹಾಲೋನ ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತೆ.